ಫೋನು ಹೊಸದು, ಹೆಸರುಗಳು ಎಲ್ಲಿ?

ಫೋನು ಬದಲಿಸಿದ ಒಂದೆರಡು ದಿನದಲ್ಲಿ ಕೇಳಿಬರುವ ದೂರುಗಳು ಮುಖ್ಯವಾಗಿ ಎರಡು. ಹಳೆಯ ಫೋನಿನಲ್ಲಿದ್ದ ಹೆಸರುಗಳಲ್ಲಿ ಅರ್ಧ ಕಾಣುತ್ತಿಲ್ಲ ಎಂಬುದು ಒಂದು. ಒಬ್ಬೊಬ್ಬರ ಹೆಸರೂ ಎರಡೆರಡು ಸಲ, ಕೆಲವರದು ಮೂರು ಸಲ ಬಂದಿದೆ ಎಂಬುದು ಇನ್ನೊಂದು. ಒಂದರಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು ಆಗಿರುವುದರಿಂದ ಇವು ಬೇರೆ ಬೇರೆ ರೋಗ ಎಂದು ಜನ ತಿಳಿಯುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಎರಡಕ್ಕೂ ಮೂಲ ಒಂದೇ. ಎಷ್ಟೋ ಸಲ ಒಂದೇ ಫೋನಿನಲ್ಲಿ ಎರಡೂ ಒಟ್ಟಿಗೆ ಇರುತ್ತವೆ.

ನಾವು ಕಾಂಟ್ಯಾಕ್ಟ್ಸ್ ಆ್ಯಪ್ ತೆರೆದಾಗ ಅ ದಿಂದ ಳ ವರೆಗೆ, ಎ ಯಿಂದ ಝಡ್ ವರೆಗೆ ಒಂದೇ ಪಟ್ಟಿ ಕಾಣುತ್ತದೆ. ಆ ಪಟ್ಟಿ ಒಂದೇ ಕಡೆ ಇದೆ ಎಂದು ಕಣ್ಣು ನಂಬುತ್ತದೆ, ಆದರೆ ಅದು ಒಂದು ಕಡೆ ಇಲ್ಲ. ಒಬ್ಬನೇ ಮನುಷ್ಯ ಮೂರು ಡೈರಿ ಇಟ್ಟುಕೊಂಡು, ಯಾರಾದರೂ ಕೇಳಿದಾಗ ಮೂರನ್ನೂ ಒಟ್ಟಿಗೆ ಓದಿ ಹೇಳಿದ ಹಾಗೆ ಇದು. ಆಂಡ್ರಾಯ್ಡ್ ಫೋನಿನಲ್ಲಿ ಆ ಡೈರಿಗಳು ಸಾಮಾನ್ಯವಾಗಿ ಇವು: ನಿಮ್ಮ ಜಿಮೇಲ್ ಖಾತೆ, ಫೋನಿನ ಸ್ವಂತ ಮೆಮೊರಿ ಮತ್ತು ಸಿಮ್ ಕಾರ್ಡ್. ಸ್ಯಾಮ್‌ಸಂಗ್‌ನಂಥ ಕಂಪನಿಯ ಫೋನಾದರೆ ಆ ಕಂಪನಿಯ ಖಾತೆ ನಾಲ್ಕನೆಯದು. ಪ್ರತಿಯೊಂದು ಹೆಸರೂ ಇವುಗಳಲ್ಲಿ ಯಾವುದೋ ಒಂದರಲ್ಲಿ ಬರೆದಿರುತ್ತದೆ. ನಂಬರ್ ಸೇವ್ ಮಾಡುವಾಗ ‘ಎಲ್ಲಿ ಉಳಿಸಬೇಕು’ ಎಂದು ಫೋನು ಕೇಳುತ್ತದಲ್ಲ, ಬಹುತೇಕರು ಓದದೆ ಒತ್ತುವ ಆ ಪ್ರಶ್ನೆ ಇದನ್ನೇ ಕೇಳುತ್ತಿರುತ್ತದೆ. ಹಲವು ಫೋನುಗಳು ಅದನ್ನು ಮೊದಲ ಸಲ ಮಾತ್ರ ಕೇಳಿ, ಆಮೇಲೆ ವರ್ಷಗಟ್ಟಲೆ ಅದೇ ಜಾಗಕ್ಕೆ ಬರೆಯುತ್ತಾ ಹೋಗುತ್ತವೆ.

ಫೋನು ಬದಲಿಸಿದಾಗ ಇವುಗಳ ಹಾದಿ ಬೇರೆಯಾಗುತ್ತದೆ. ಜಿಮೇಲ್ ಖಾತೆಯಲ್ಲಿರುವ ಹೆಸರುಗಳು ಗೂಗಲ್‌ನ ಸರ್ವರ್‌ನಲ್ಲಿ ಇರುತ್ತವೆ. ಹೊಸ ಫೋನಿನಲ್ಲಿ ಅದೇ ಖಾತೆ ಹಾಕಿ ಸಿಂಕ್ ಆನ್ ಇದ್ದರೆ ತಾವಾಗಿಯೇ ಇಳಿಯುತ್ತವೆ. ಸಿಮ್‌ನಲ್ಲಿರುವವು ಸಿಮ್ ಹೋದ ಕಡೆ ಹೋಗುತ್ತವೆ. ಫೋನಿನ ಮೆಮೊರಿಯಲ್ಲಿರುವವು ಮಾತ್ರ ಯಾರಾದರೂ ಎತ್ತಿ ಒಯ್ಯುವವರೆಗೆ ಹಳೆಯ ಫೋನಿನಲ್ಲೇ ಕೂತಿರುತ್ತವೆ. ಕಾಣೆಯಾದ ಹೆಸರುಗಳಲ್ಲಿ ಹೆಚ್ಚಿನವು ಅಳಿಸಿಹೋಗಿರುವುದಿಲ್ಲ, ಹಿಂದೆ ಉಳಿದಿರುತ್ತವೆ ಅಷ್ಟೇ. ಆದ್ದರಿಂದ ಹೊಸ ಫೋನಿನ ಪಟ್ಟಿಯನ್ನು ಒಂದೊಂದಾಗಿ ನೋಡಿ, ಇದ್ದದ್ದು ಇದ್ದಂತೆಯೇ ಇದೆ ಎಂದು ಖಚಿತವಾಗುವವರೆಗೆ ಹಳೆಯ ಫೋನನ್ನು ರೀಸೆಟ್ ಮಾಡಬಾರದು, ಮಾರಬಾರದು, ಎಕ್ಸ್‌ಚೇಂಜ್‌ಗೆ ಕೊಡಬಾರದು. ಈ ಒಂದು ಮಾತನ್ನು ಮಾತ್ರ ನಾನು ಬಹಳ ಒತ್ತಿ ಹೇಳುತ್ತೇನೆ. ಉಳಿದ ತಪ್ಪುಗಳನ್ನೆಲ್ಲ ಸರಿಪಡಿಸಲು ದಾರಿ ಉಂಟು, ಇದಕ್ಕೆ ಇಲ್ಲ.

ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುವ ಒಬ್ಬ ಅಕ್ಕನ ಫೋನಿನಲ್ಲಿ ಈ ಇಡೀ ಕಥೆ ಒಂದೇ ಕಡೆ ಸಿಕ್ಕಿತು. ಅವರ ಮಟ್ಟಿಗೆ ಕಾಂಟ್ಯಾಕ್ಟ್ಸ್ ಎಂದರೆ ಗಿರಾಕಿಗಳ ಪುಸ್ತಕ. ಯಾರ ಅಳತೆ, ಯಾವ ಬಡಾವಣೆ, ಯಾರಿಂದ ಬಂದವರು ಎಂಬುದೆಲ್ಲ ಹೆಸರಿನ ಜೊತೆಗೇ ಸೇವ್ ಆಗಿತ್ತು. ಹಳೆಯ ಫೋನಿನಲ್ಲಿ 640 ಹೆಸರು, ಹೊಸದರಲ್ಲಿ 406. ಆ 406ರಲ್ಲೂ ಎಷ್ಟೋ ಹೆಸರು ಎರಡು ಸಲ.

‘ಅಣ್ಣಾ, ನಾನು ಯಾವುದೂ ಡಿಲೀಟ್ ಮಾಡಿಲ್ರಿ. ಅಂಗಡಿ ಹುಡುಗ ಎಲ್ಲಾ ಬಂದೈತಿ ಅಂದ’ ಎಂದರು.

‘ಹಳೇ ಫೋನು ಎಲ್ಲೈತಿ ಅಕ್ಕ?’

‘ಮನ್ಯಾಗೈತಿ. ಮಗಳಿಗೆ ಕೊಡಬೇಕಂತ ಇಟ್ಟೀನಿ, ಇನ್ನೂ ಖಾಲಿ ಮಾಡಿಲ್ಲ.’

ಅಲ್ಲಿಗೆ ಅರ್ಧ ಕೆಲಸ ಆದಂತೆ. ಹಳೆಯ ಫೋನು ಚಾಲ್ತಿಯಲ್ಲಿದ್ದರೆ ಮೊದಲು ಮಾಡಬೇಕಾದದ್ದು ಎಣಿಕೆ. ಒಟ್ಟು ಎಷ್ಟು ಎಂಬ ಎಣಿಕೆಯಷ್ಟೇ ಸಾಲದು, ಯಾವ ಜಾಗದಲ್ಲಿ ಎಷ್ಟು ಎಂಬುದು ಬೇಕು. ಹೆಚ್ಚಿನ ಕಾಂಟ್ಯಾಕ್ಟ್ಸ್ ಆ್ಯಪ್‌ಗಳಲ್ಲಿ ಯಾವ ಖಾತೆಯ ಹೆಸರುಗಳನ್ನು ತೋರಿಸಬೇಕು ಎಂದು ಆರಿಸುವ ಸೌಲಭ್ಯ ಇರುತ್ತದೆ. ಪಟ್ಟಿಯ ಮೇಲ್ಭಾಗದಲ್ಲೋ, ಮೂರು ಗೆರೆಯ ಮೆನುವಿನಲ್ಲೋ, ಸೆಟ್ಟಿಂಗ್ಸ್‌ನ Contacts to display ಎಂಬಂಥ ಸಾಲಿನಲ್ಲೋ ಅದು ಸಿಗುತ್ತದೆ. ಎಲ್ಲವನ್ನೂ ತೆಗೆದು ಒಂದೊಂದೇ ಜಾಗವನ್ನು ಆರಿಸಿದರೆ ಅಲ್ಲಿರುವ ಹೆಸರುಗಳು ಮಾತ್ರ ಕಾಣುತ್ತವೆ. ಒಂದೇ ಹೆಸರಿನ ಜಾಗ ತಿಳಿಯಬೇಕಾದರೆ ಅದನ್ನು ತೆರೆದು, ತಿದ್ದುವ ಪೆನ್ಸಿಲ್ ಗುರುತು ಒತ್ತಿ. ಅದು ಯಾವ ಜಿಮೇಲ್‌ನಲ್ಲಿದೆ, ಫೋನಿನಲ್ಲಿದೆಯೇ, ಸಿಮ್‌ನಲ್ಲಿದೆಯೇ ಎಂಬುದು ಆ ಪುಟದಲ್ಲಿ ಬರುತ್ತದೆ.

ಅಕ್ಕನ ಹಳೆಯ ಫೋನನ್ನು ಹೀಗೆ ನೋಡಿದಾಗ ಜಿಮೇಲ್‌ನಲ್ಲಿ 212, ಫೋನಿನ ಮೆಮೊರಿಯಲ್ಲಿ 331, ಸಿಮ್‌ನಲ್ಲಿ 97 ಇದ್ದವು. ಸಿಮ್‌ನವು ಕೀಪ್ಯಾಡ್ ಫೋನಿನ ಕಾಲದವು. ಮೊದಲ ಸ್ಮಾರ್ಟ್‌ಫೋನ್ ಬಂದಾಗ ಸೇವ್ ಆದವು ಜಿಮೇಲ್‌ಗೆ ಹೋಗಿದ್ದವು. ಅದರ ನಂತರದ ಫೋನಿನಲ್ಲಿ ಅವರು ಒಮ್ಮೆ Phone ಎಂದು ಒತ್ತಿದ್ದಾರೆ, ಅಂದಿನಿಂದ ಬಂದ ಗಿರಾಕಿಗಳೆಲ್ಲ ಮೆಮೊರಿಗೆ ಸೇರಿದ್ದಾರೆ. ಅಂದರೆ ಇತ್ತೀಚಿನ ವರ್ಷಗಳ, ಅವರಿಗೆ ದಿನಾ ಬೇಕಾದ ಹೆಸರುಗಳೇ ಹಿಂದೆ ಉಳಿದಿದ್ದವು. ಕಾಣೆಯಾದವರಲ್ಲಿ ಹೊಸಬರೇ ಹೆಚ್ಚು ಎನಿಸಿದರೆ ಕಾರಣ ಸಾಮಾನ್ಯವಾಗಿ ಇದೇ.

ಹೊಸ ಫೋನಿನ 406ರ ಲೆಕ್ಕವೂ ಈಗ ಬಿಡಿಸಿಕೊಂಡಿತು. ಅಂಗಡಿಯ ಹುಡುಗ ಅದೇ ಜಿಮೇಲ್ ಹಾಕಿದ್ದರಿಂದ 212 ಇಳಿದವು. ಸಿಮ್ ಹಾಕಿದ್ದರಿಂದ ಅದರ 97 ಕಂಡವು. ‘ಸಿಮ್‌ನ ಹೆಸರುಗಳನ್ನು ಇಂಪೋರ್ಟ್ ಮಾಡಬೇಕೇ’ ಎಂದು ಫೋನು ಕೇಳಿದಾಗ ಹೌದು ಎಂದದ್ದರಿಂದ ಅದೇ 97 ಜಿಮೇಲ್‌ಗೂ ಒಂದು ಪ್ರತಿಯಾಗಿ ಸೇರಿದವು. ಇಂಪೋರ್ಟ್ ಎಂದರೆ ನಕಲು ಮಾಡುವುದು, ಮೂಲ ಸಿಮ್‌ನಲ್ಲೇ ಉಳಿಯುತ್ತದೆ. 212ಕ್ಕೆ ಎರಡು ಸಲ 97 ಕೂಡಿಸಿದರೆ 406. ಫೋನಿನಿಂದ ಫೋನಿಗೆ ನೇರವಾಗಿ ಡೇಟಾ ಕಳಿಸುವ ಹಂತವನ್ನು ಹೊತ್ತಾಯಿತೆಂದು ಆತ ಬಿಟ್ಟುಬಿಟ್ಟಿದ್ದ, ಹಾಗಾಗಿ 331 ಬಂದಿರಲಿಲ್ಲ.

ಲೆಕ್ಕ ತಾಳೆಯಾದ ಮೇಲೆ ಸರಿಪಡಿಸುವುದು ಕಷ್ಟವಲ್ಲ. ಆದರೆ ಕ್ರಮ ತಪ್ಪಬಾರದು. ಮೊದಲು ಕಾಣೆಯಾದವರನ್ನು ತರಬೇಕು, ಡಬಲ್ ಆದವರನ್ನು ಆಮೇಲೆ ಕಳೆಯಬೇಕು. ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಎರಡೆರಡು ಕಾಣುವುದು ಕಣ್ಣಿಗೆ ಕಿರಿಕಿರಿ, ಕೂಡಲೇ ಒಂದೊಂದನ್ನು ಅಳಿಸಲು ಕೂರುತ್ತಾರೆ. ಅಳಿಸಿದ್ದು ಸಿಮ್‌ನ ಪ್ರತಿಯೋ ಜಿಮೇಲ್‌ನ ಪ್ರತಿಯೋ ನೋಡಿರುವುದಿಲ್ಲ. ಜಿಮೇಲ್‌ನದಾದರೆ ಆ ಅಳಿಸುವಿಕೆ ಸಿಂಕ್ ಆಗಿ ಹಳೆಯ ಫೋನಿನಲ್ಲೂ, ಮನೆಯ ಟ್ಯಾಬ್‌ನಲ್ಲೂ, ಅದೇ ಖಾತೆ ಇರುವ ಎಲ್ಲ ಕಡೆಯೂ ಜಾರಿಯಾಗುತ್ತದೆ. ಇನ್ನೂ ಒಂದು ತೊಡಕಿದೆ. ಹೆಸರು, ನಂಬರ್ ಎರಡೂ ಒಂದೇ ಆಗಿದ್ದರೆ ಆಂಡ್ರಾಯ್ಡ್ ಎಷ್ಟೋ ಸಲ ಎರಡು ಜಾಗದ ಪ್ರತಿಗಳನ್ನು ಜೋಡಿಸಿ ಒಂದೇ ಸಾಲಾಗಿ ತೋರಿಸುತ್ತದೆ. ಹಾಗೆ ಜೋಡಿಸಿದ ಹೆಸರನ್ನು ಅಳಿಸಿದರೆ ಒಳಗಿನ ಎರಡೂ ಪ್ರತಿ ಹೋಗುತ್ತವೆ.

ಏನನ್ನೂ ಮುಟ್ಟುವ ಮೊದಲು ಹಳೆಯ ಫೋನಿನಲ್ಲಿ ಒಂದು ಬ್ಯಾಕಪ್ ಫೈಲ್ ಮಾಡಿದೆವು. ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ Export ಎಂಬುದನ್ನು ಒತ್ತಿದರೆ ಯಾವ ಜಾಗದ ಹೆಸರುಗಳು ಎಂದು ಕೇಳಿ, .vcf ಎಂದು ಕೊನೆಗೊಳ್ಳುವ ಒಂದೇ ಫೈಲ್ ಕೊಡುತ್ತದೆ. ಅದನ್ನು ಫೋನಿನಲ್ಲೇ ಇಟ್ಟರೆ ಉಪಯೋಗವಿಲ್ಲ. ನಮ್ಮದೇ ಮೇಲ್‌ಗೆ ಕಳಿಸಿಕೊಳ್ಳಬೇಕು, ಇಲ್ಲವೇ ಗೂಗಲ್ ಡ್ರೈವ್‌ಗೆ ಹಾಕಬೇಕು. ಆ ಫೈಲಿನೊಳಗೆ ಇರುವುದು ಬರೀ ಅಕ್ಷರ. ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪ್ರತಿ ಹೆಸರೂ ಹೀಗೆ ಕಾಣುತ್ತದೆ:

```
BEGIN:VCARD
VERSION:2.1
FN;CHARSET=UTF-8;ENCODING=QUOTED-PRINTABLE:=E0=B2=B0=E0=B2=BE=E0=B2=9C=E0=B3=81
TEL;CELL:+91XXXXXXXXXX
END:VCARD
```

ಕನ್ನಡದಲ್ಲಿ ಹೆಸರು ಸೇವ್ ಮಾಡಿದವರು ಇದನ್ನು ನೋಡಿ ಫೈಲು ಕೆಟ್ಟಿದೆ ಎಂದು ಗಾಬರಿಯಾಗುತ್ತಾರೆ. ಕೆಟ್ಟಿಲ್ಲ. ಮೂರನೆಯ ಸಾಲಿನ ಬಾಲದಲ್ಲಿರುವುದು ‘ರಾಜು’ ಎಂಬ ಹೆಸರೇ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಸ್ವರಚಿಹ್ನೆಯೂ ಮೂರು ಮೂರು ತುಣುಕಿನ ಸಂಕೇತವಾಗಿ ಬರೆಯಲ್ಪಟ್ಟಿದೆ. ಫೋನು ಇದನ್ನು ಇಂಪೋರ್ಟ್ ಮಾಡಿಕೊಳ್ಳುವಾಗ ಮತ್ತೆ ಕನ್ನಡವಾಗಿ ಓದಿಕೊಳ್ಳುತ್ತದೆ. BEGIN:VCARD ಎಂಬ ಸಾಲು ಎಷ್ಟು ಸಲ ಬಂದಿದೆಯೋ ಅಷ್ಟು ಹೆಸರುಗಳು ಆ ಫೈಲಿನಲ್ಲಿವೆ ಎಂದರ್ಥ. ನೋಡಲು ಇದಕ್ಕಿಂತ ಖಚಿತವಾದ ಲೆಕ್ಕ ಇನ್ನೊಂದಿಲ್ಲ.

ಈ ಫೈಲನ್ನು ಹೊಸ ಫೋನಿನಲ್ಲಿ ಇಂಪೋರ್ಟ್ ಮಾಡಿದರೂ 331 ಹೆಸರು ಬರುತ್ತಿದ್ದವು. ಆದರೆ ಅದರಲ್ಲಿ ಒಂದು ಅಪಾಯವಿದೆ. ಬಂತೋ ಇಲ್ಲವೋ ಎಂಬ ಅನುಮಾನದಲ್ಲಿ ಅದೇ ಫೈಲನ್ನು ಮತ್ತೊಮ್ಮೆ ಒತ್ತಿದರೆ ಅಷ್ಟೂ ಹೆಸರು ಎರಡನೇ ಸಲ ಸೇರುವುದುಂಟು. ಮೂರು ಮೂರು ಸಲ ಕಾಣುವ ಪಟ್ಟಿಗಳ ಹಿಂದೆ ಹೆಚ್ಚಾಗಿ ಇಂಥ ಮರು ಇಂಪೋರ್ಟ್ ಇರುತ್ತದೆ. ಹೀಗಾಗಿ ಫೈಲನ್ನು ಆಪತ್ತಿಗೆಂದು ಇಟ್ಟು, ಮೆಮೊರಿಯಲ್ಲಿದ್ದ ಹೆಸರುಗಳನ್ನು ಹಳೆಯ ಫೋನಿನಿಂದಲೇ ಜಿಮೇಲ್ ಖಾತೆಗೆ ಏರಿಸಿದೆವು. ಸೆಟ್ಟಿಂಗ್ಸ್‌ನ Google ಎಂಬ ಭಾಗದೊಳಗೆ Google Contacts sync ಎಂಬ ಸಾಲು ಇದೆ. ಅದರೊಳಗೆ ಫೋನಿನ ಮೆಮೊರಿಯಲ್ಲಿರುವ ಹೆಸರುಗಳನ್ನೂ ಸಿಂಕ್ ಮಾಡಲು Also sync device contacts ಎಂಬ ಇನ್ನೊಂದು ಸಾಲು. ಫೋನಿನ ಕಂಪನಿ, ಆಂಡ್ರಾಯ್ಡ್ ಆವೃತ್ತಿ ಬದಲಾದಂತೆ ಮಾತು ಸ್ವಲ್ಪ ಬೇರೆಯಾದೀತು, device contacts ಎಂಬ ಎರಡು ಪದ ಹುಡುಕಿದರೆ ಸಿಗುತ್ತದೆ. ಅದನ್ನು ಆನ್ ಮಾಡುವಾಗ ಯಾವ ಖಾತೆಗೆ ಎಂದು ಕೇಳುತ್ತದೆ. ಫೋನಿನಲ್ಲಿ ಎರಡು ಜಿಮೇಲ್ ಇದ್ದರೆ ಇಲ್ಲಿ ತಾಳ್ಮೆಯಿಂದ ಓದಿ ಆರಿಸಬೇಕು.

ಆಮೇಲಿನ ಪರೀಕ್ಷೆ ಫೋನಿನಲ್ಲಿ ಅಲ್ಲ, ಬ್ರೌಸರಿನಲ್ಲಿ. contacts.google.com ಎಂದು ಟೈಪ್ ಮಾಡಿ ಅದೇ ಜಿಮೇಲ್‌ನಿಂದ ಒಳಗೆ ಹೋದರೆ ಗೂಗಲ್‌ನ ಸರ್ವರ್‌ನಲ್ಲಿ ನಿಜವಾಗಿ ಏನಿದೆ ಎಂಬುದು ಕಾಣುತ್ತದೆ, ಒಟ್ಟು ಸಂಖ್ಯೆಯೂ ಇರುತ್ತದೆ. ಫೋನಿನ ಪಟ್ಟಿಯನ್ನು ನಾನು ಎಂದೂ ಕೊನೆಯ ಸಾಕ್ಷಿಯೆಂದು ಒಪ್ಪುವುದಿಲ್ಲ, ಏಕೆಂದರೆ ಅದು ಹಲವು ಜಾಗಗಳ ಬೆರಕೆ. ಸಿಮ್, ಮೆಮೊರಿ ಯಾವುದೂ ಬೆರೆಯದ ಲೆಕ್ಕ ಸಿಗುವುದು ಈ ಪುಟದಲ್ಲಿ ಮಾತ್ರ. ಅಕ್ಕನ ಖಾತೆಯಲ್ಲಿ ಅಲ್ಲಿ 640 ಎಂದು ಬಂತು. ಮೊದಲಿನ 212, ಸಿಮ್‌ನಿಂದ ನಕಲಾದ 97, ಈಗ ಏರಿದ 331. ಸ್ವಲ್ಪ ಹೊತ್ತಿನಲ್ಲಿ ಹೊಸ ಫೋನಿಗೂ ಇಳಿದವು.

ಬ್ರೌಸರಿನಲ್ಲಿ ಇದ್ದು ಫೋನಿನಲ್ಲಿ ಇಲ್ಲದಿದ್ದರೆ ಸಿಂಕ್ ನಿಂತಿದೆ ಎಂದರ್ಥ. ಸೆಟ್ಟಿಂಗ್ಸ್‌ನಲ್ಲಿ ಖಾತೆಗಳ ಪಟ್ಟಿ ತೆರೆದು, ಆ ಜಿಮೇಲ್ ಒತ್ತಿ, Account sync ಒಳಗೆ Contacts ಎಂಬ ಗುಂಡಿ ಆನ್ ಇದೆಯೇ ನೋಡಬೇಕು. ಆನ್ ಇದ್ದೂ ಬರದಿದ್ದರೆ ಬ್ಯಾಟರಿ ಉಳಿತಾಯದ ಮೋಡ್ ಹಿನ್ನೆಲೆಯ ಸಿಂಕ್ ಅನ್ನು ತಡೆದಿರಬಹುದು. ಅದನ್ನು ತೆಗೆದು, ವೈಫೈಗೆ ಹಾಕಿ, ಅದೇ ಪುಟದಲ್ಲಿ Sync now ಕೊಟ್ಟರೆ ಸಾಕು. ಸಿಂಕ್ ಜೀವಂತವಾಗಿದೆಯೇ ಎಂದು ತಿಳಿಯಲು ಸುಲಭದ ದಾರಿಯೊಂದಿದೆ. ಫೋನಿನಲ್ಲಿ ಸುಳ್ಳು ಹೆಸರೊಂದನ್ನು ಜಿಮೇಲ್‌ಗೆ ಸೇವ್ ಮಾಡಿ, ಅದು ಬ್ರೌಸರಿನಲ್ಲಿ ಕಾಣಿಸಿತೇ ನೋಡುವುದು.

ಇನ್ನು ಡಬಲ್ ಆದವರ ವಿಷಯ. ಇಲ್ಲಿ ಸಿಮ್ ಕಾರ್ಡಿನ ಇತಿಮಿತಿ ತಿಳಿಯದೆ ಕೈ ಹಾಕಬಾರದು. ಸಿಮ್‌ನ ಫೋನ್‌ಬುಕ್ ಬಹಳ ಹಳೆಯ ಕಾಲದ ರಚನೆ. ಸಾಮಾನ್ಯವಾಗಿ 250 ಹೆಸರು ಹಿಡಿಯುತ್ತದೆ. ಒಂದು ಹೆಸರಿಗೆ ಬಹುಮಟ್ಟಿಗೆ ಒಂದೇ ನಂಬರ್, ಫೋಟೊ ಇಲ್ಲ, ವಿಳಾಸ ಇಲ್ಲ. ಹೆಸರಿಗೆ ಅನೇಕ ಕಾರ್ಡುಗಳಲ್ಲಿ ಹದಿನಾಲ್ಕು ಇಂಗ್ಲಿಷ್ ಅಕ್ಷರಗಳಷ್ಟೇ ಜಾಗ, ಕನ್ನಡದಲ್ಲಿ ಬರೆದರೆ ಅದಕ್ಕಿಂತಲೂ ಕಡಿಮೆ ಹಿಡಿಸುತ್ತದೆ. ಉದ್ದದ ಹೆಸರನ್ನು ಸಿಮ್‌ಗೆ ಕಾಪಿ ಮಾಡಿದರೆ ಬಾಲ ಕತ್ತರಿಸಿಹೋಗುತ್ತದೆ.

ಅಕ್ಕನ ಪಟ್ಟಿಯಲ್ಲಿ ಇದು ಕಣ್ಣಿಗೆ ಕಟ್ಟುವಂತಿತ್ತು. ವಿದ್ಯಾನಗರದ ಇಬ್ಬರು ರತ್ನಾ ಅವರ ಗಿರಾಕಿಗಳು. ಒಬ್ಬರ ಮನೆ ಪಾರ್ಕ್ ಹತ್ತಿರ, ಇನ್ನೊಬ್ಬರದು ಮೊದಲನೇ ಕ್ರಾಸ್. ಹಿಂದೊಮ್ಮೆ ಯಾರೋ ಸಿಮ್‌ಗೆ ಕಾಪಿ ಮಾಡಿಕೊಟ್ಟಾಗ ಇಬ್ಬರ ಹೆಸರೂ Rathna Vidyana ಎಂಬಲ್ಲಿಗೆ ತುಂಡಾಗಿ, ಇಬ್ಬರೂ ಒಂದೇ ಹೆಸರಿನವರಾಗಿದ್ದರು. ಪಾರ್ಕ್ ಯಾವುದು, ಕ್ರಾಸ್ ಯಾವುದು ಎಂದು ನಂಬರ್ ನೋಡಿಯೇ ಹೇಳಬೇಕು.

ಗೂಗಲ್ ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲೂ ಅದೇ ಬ್ರೌಸರ್ ಪುಟದಲ್ಲೂ Merge & fix ಎಂಬ ಸೌಲಭ್ಯವಿದೆ. ಒಂದೇ ಹೆಸರೋ ಒಂದೇ ನಂಬರೋ ಇರುವವರನ್ನು ಹುಡುಕಿ, ಇವರನ್ನು ಒಂದುಗೂಡಿಸಲೇ ಎಂದು ಕೇಳುತ್ತದೆ. ಒಳ್ಳೆಯ ಸೌಲಭ್ಯವೇ. ಆದರೆ ಅದರಲ್ಲಿ ಎಲ್ಲವನ್ನೂ ಒಂದೇ ಏಟಿಗೆ ಸೇರಿಸುವ Merge all ಎಂಬ ಗುಂಡಿ ಇದೆ, ಅದನ್ನು ಒತ್ತಬೇಡಿ ಎಂಬುದು ನನ್ನ ಖಡಾಖಂಡಿತ ಸಲಹೆ. ಒತ್ತಿದ್ದರೆ ಇಬ್ಬರು ರತ್ನಾ ಒಂದೇ ಚೀಟಿಯಲ್ಲಿ ಎರಡು ನಂಬರ್ ಆಗಿ ಕೂರುತ್ತಿದ್ದರು, ಒಬ್ಬರ ಬ್ಲೌಸ್ ಆಗಿದೆ ಎಂಬ ಮೆಸೇಜು ಇನ್ನೊಬ್ಬರಿಗೆ ಹೋಗುತ್ತಿತ್ತು. ನಮ್ಮಲ್ಲಿ ಮಂಜುಳಾ, ಸುರೇಶ್, ಲಕ್ಷ್ಮಿ, ಪ್ಲಂಬರ್ ಎಂಬ ಹೆಸರುಗಳು ಒಂದೊಂದು ಫೋನಿನಲ್ಲಿ ನಾಲ್ಕೈದು ಇರುವುದು ಸಹಜ. ಆದ್ದರಿಂದ ಒಂದೊಂದು ಜೋಡಿಯನ್ನೂ ತೆರೆದು ನೋಡಿ. ನಂಬರ್ ಒಂದೇ ಇದ್ದರೆ ಸೇರಿಸಿ, ಹೆಸರು ಮಾತ್ರ ಒಂದೇ ಇದ್ದು ನಂಬರ್ ಬೇರೆಯಿದ್ದರೆ ಹೆಸರನ್ನು ತಿದ್ದಿ ಬಿಡಿ. ನಂಬರ್ ನೋಡುವಾಗ ಮುಂದಿನ +91 ಅಥವಾ ಸೊನ್ನೆಯನ್ನು ಬಿಟ್ಟು ಕೊನೆಯ ಹತ್ತು ಅಂಕಿಗಳನ್ನು ಹೋಲಿಸಿ. ಒಂದೇ ನಂಬರ್ ಒಂದು ಕಡೆ +91 ಹಾಕಿ, ಇನ್ನೊಂದು ಕಡೆ ಹಾಕದೆ ಸೇವ್ ಆಗಿರುವುದೇ ಅನೇಕ ಡಬಲ್‌ಗಳ ಹುಟ್ಟು.

Merge & fix ಕೆಲಸ ಮಾಡುವುದು ಒಂದೇ ಖಾತೆಯ ಒಳಗೆ ಎಂಬುದೂ ನೆನಪಿರಲಿ. ಒಂದು ಪ್ರತಿ ಜಿಮೇಲ್‌ನಲ್ಲಿ, ಇನ್ನೊಂದು ಸಿಮ್‌ನಲ್ಲಿ ಇದ್ದರೆ ಅದಕ್ಕೆ ಜೋಡಿ ಕಾಣುವುದಿಲ್ಲ. ‘ಡಬಲ್ ಏನೂ ಇಲ್ಲ ಅಂತ ತೋರಿಸ್ತಿದೆ, ಆದರೆ ನನಗೆ ಎರಡೆರಡು ಕಾಣ್ತಿದೆ’ ಎನ್ನುವವರ ಗೊಂದಲಕ್ಕೆ ಉತ್ತರ ಇದು. ಅಕ್ಕನ ಫೋನಿನಲ್ಲಿ ಸಿಮ್‌ನ 97 ಪ್ರತಿಗಳೂ ಜಿಮೇಲ್‌ನಲ್ಲಿ ಇದ್ದವು. ಬ್ರೌಸರಿನಲ್ಲಿ ಅವೆಲ್ಲ ಇರುವುದನ್ನು ನೋಡಿಕೊಂಡು, ಕಾಂಟ್ಯಾಕ್ಟ್ಸ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಮ್‌ನ ಹೆಸರುಗಳನ್ನು ತೋರಿಸದಂತೆ ಮಾಡಿದೆವು. ಅಳಿಸಲಿಲ್ಲ. ಸಿಮ್‌ನಲ್ಲಿ ಬಿದ್ದಿದ್ದರೆ ಅವು ಯಾರಿಗೂ ತೊಂದರೆ ಕೊಡುವುದಿಲ್ಲ. ಆದರೆ ಅವನ್ನೇ ನಂಬಿಕೊಂಡೂ ಇರಬಾರದು. ಸಿಮ್ ಕಳೆದು ಅದೇ ನಂಬರಿಗೆ ಹೊಸ ಸಿಮ್ ತೆಗೆದುಕೊಂಡರೆ, ಇಲ್ಲವೇ ಇ-ಸಿಮ್‌ಗೆ ಬದಲಾಯಿಸಿದರೆ ನಂಬರ್ ಉಳಿಯುತ್ತದೆ, ಹಳೆಯ ಕಾರ್ಡಿನಲ್ಲಿ ಬರೆದಿದ್ದ ಹೆಸರುಗಳು ಬರುವುದಿಲ್ಲ. ಹೊಸ ಸಿಮ್ ಖಾಲಿಯಾಗಿಯೇ ಬರುತ್ತದೆ.

ಸೇರಿಸುವಾಗಲೋ ಅಳಿಸುವಾಗಲೋ ಎಡವಟ್ಟಾದರೆ ಒಂದು ತಿಂಗಳ ಕಾಲಾವಕಾಶವಿದೆ. ಜಿಮೇಲ್‌ನ ಹೆಸರು ಅಳಿಸಿದ್ದು 30 ದಿನ Bin ಅಥವಾ Trash ಎಂಬ ಬುಟ್ಟಿಯಲ್ಲಿ ಇರುತ್ತದೆ, ಅಲ್ಲಿಂದ ಎತ್ತಿ ತರಬಹುದು. ತಪ್ಪು ದೊಡ್ಡದಾಗಿದ್ದರೆ, ಹತ್ತಾರು ಹೆಸರು ತಪ್ಪಾಗಿ ಸೇರಿಹೋಗಿದ್ದರೆ, contacts.google.com ಪುಟದ ಸೆಟ್ಟಿಂಗ್ಸ್ ಚಕ್ರದಲ್ಲಿ Undo changes ಎಂಬುದಿದೆ. ಒಂದು ಗಂಟೆ ಹಿಂದಿನ, ನಿನ್ನೆಯ, ಒಂದು ವಾರದ ಹಿಂದಿನ, ಹೀಗೆ 30 ದಿನದೊಳಗಿನ ಯಾವುದಾದರೂ ಸ್ಥಿತಿಗೆ ಇಡೀ ಪಟ್ಟಿಯನ್ನು ಹಿಂದಿರುಗಿಸುತ್ತದೆ. ಇಡೀ ಪಟ್ಟಿ ಹಿಂದಕ್ಕೆ ಹೋಗುವುದರಿಂದ ಆ ಮಧ್ಯೆ ಹೊಸದಾಗಿ ಸೇವ್ ಮಾಡಿದವರೂ ಹೋಗುತ್ತಾರೆ. ಅವರನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಈ ಎರಡೂ ಅನುಕೂಲ ಜಿಮೇಲ್‌ನಲ್ಲಿರುವ ಹೆಸರುಗಳಿಗೆ ಮಾತ್ರ. ಸಿಮ್‌ನಿಂದ ಅಳಿಸಿದ್ದಕ್ಕೆ ಇಂಥ ಬುಟ್ಟಿ ಇಲ್ಲ.

ಅಕ್ಕನ ವಿಷಯದಲ್ಲಿ ಅಂಗಡಿಯವನು ಹಳೆಯ ಜಿಮೇಲನ್ನೇ ಹಾಕಿದ್ದ, ಅದು ಅದೃಷ್ಟ. ನಮ್ಮ ಊರುಗಳಲ್ಲಿ ಪ್ರತಿ ಹೊಸ ಫೋನಿಗೂ ಒಂದು ಹೊಸ ಜಿಮೇಲ್ ಸೃಷ್ಟಿಸಿಕೊಡುವ ಅಭ್ಯಾಸ ಬೇಕಾದಷ್ಟಿದೆ. ಗಿರಾಕಿಗೆ ಪಾಸ್‌ವರ್ಡ್ ನೆನಪಿಲ್ಲ, ಅಂಗಡಿಯವನಿಗೆ ಸಮಯವಿಲ್ಲ. ಹೊಸ ಖಾತೆ ಖಾಲಿ ಖಾತೆ, ಹೆಸರುಗಳೆಲ್ಲ ಹಳೆಯ ಖಾತೆಯಲ್ಲಿ ಕ್ಷೇಮವಾಗಿದ್ದರೂ ಹೊಸ ಫೋನಿನಲ್ಲಿ ಒಂದೂ ಕಾಣುವುದಿಲ್ಲ. ಹಳೆಯ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಖಾತೆಗಳ ಪಟ್ಟಿ ತೆರೆದು ಅಲ್ಲಿರುವ ಜಿಮೇಲ್ ವಿಳಾಸವನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಹೆಸರಿನ ಮುಂದೆ ಅಂಕಿಗಳ ಸಾಲು ಇದ್ದರೆ ಅದು ಅಂಗಡಿಯಲ್ಲಿ ಹುಟ್ಟಿದ ಖಾತೆಯಾಗಿರುವುದೇ ಹೆಚ್ಚು. ಪಾಸ್‌ವರ್ಡ್ ಮರೆತಿದ್ದರೆ g.co/recover ಪುಟದಲ್ಲಿ ಆ ಖಾತೆಗೆ ಜೋಡಿಸಿದ ಮೊಬೈಲ್ ನಂಬರಿಗೆ ಕೋಡ್ ತರಿಸಿಕೊಂಡು ಹೊಸದು ಹಾಕಬಹುದು. ಹಳೆಯ ಫೋನು ಇನ್ನೂ ಕೈಯಲ್ಲಿದ್ದರೆ ಇದು ಸುಲಭ, ಏಕೆಂದರೆ ಆ ಖಾತೆ ಅದರಲ್ಲಿ ತೆರೆದೇ ಇರುತ್ತದೆ. ಆಮೇಲೆ ಹೊಸ ಫೋನಿನಲ್ಲಿ Add account ಕೊಟ್ಟು ಅದನ್ನೂ ಸೇರಿಸಿದರೆ ಹೆಸರುಗಳು ಬಂದುಬಿಡುತ್ತವೆ. ಎರಡು ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು ಎಂಬ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಆದ್ದರಿಂದ ಹಳೆಯ ಖಾತೆಯಲ್ಲಿ ಹೆಸರುಗಳಿವೆ, ಬೇಕಾದಾಗ ನೋಡಿದರಾಯಿತು ಎಂದು ಬಿಡುವುದು ಸರಿಯಲ್ಲ.

ಇದರ ಇನ್ನೊಂದು ಮುಖ ಮನೆಮಂದಿಯೆಲ್ಲ ಒಂದೇ ಜಿಮೇಲ್ ಹಾಕಿಕೊಳ್ಳುವುದು. ಮಗ ತನ್ನ ಖಾತೆಯನ್ನೇ ಅಮ್ಮನ ಫೋನಿಗೂ ಹಾಕಿಕೊಟ್ಟಿರುತ್ತಾನೆ. ಅಮ್ಮನ ಫೋನಿನಲ್ಲಿ ಮಗನ ಆಫೀಸಿನವರೆಲ್ಲ ಬಂದು ಕೂರುತ್ತಾರೆ. ‘ಇವರ್ಯಾರೂ ನನಗೆ ಗೊತ್ತಿಲ್ಲ’ ಎಂದು ಅಮ್ಮ ಅಳಿಸಿದರೆ ಮಗನ ಫೋನಿನಲ್ಲೂ ಹೋಗುತ್ತಾರೆ. ಅಮ್ಮನಿಗೆ ಬೇರೆ ಖಾತೆ ಮಾಡಿಕೊಟ್ಟು, ಮಗನ ಖಾತೆಯ Contacts ಸಿಂಕ್ ಅನ್ನು ಆ ಫೋನಿನಲ್ಲಿ ಆಫ್ ಮಾಡುವುದೇ ಇದಕ್ಕೆ ಮದ್ದು. ಆಫ್ ಮಾಡಿದರೆ ಹೆಸರುಗಳು ಆ ಫೋನಿನಿಂದ ಮಾತ್ರ ಮರೆಯಾಗುತ್ತವೆ, ಖಾತೆಯಲ್ಲಿ ಉಳಿಯುತ್ತವೆ.

ಆಂಡ್ರಾಯ್ಡ್‌ನಿಂದ ಐಫೋನ್‌ಗೆ ಹೋದವರಲ್ಲಿ ಡಬಲ್ ಆಗುವ ದಾರಿ ಸ್ವಲ್ಪ ಬೇರೆ. Move to iOS ಎಂಬ ಆ್ಯಪ್ ಮೂಲಕ ಹೆಸರುಗಳು ಬಂದಿರುತ್ತವೆ. ಮೇಲ್ ನೋಡಲೆಂದು ಜಿಮೇಲ್ ಖಾತೆ ಸೇರಿಸುವಾಗ ಅದರ Contacts ಗುಂಡಿಯೂ ಆನ್ ಆಗಿ, ಅದೇ ಹೆಸರುಗಳು ಮತ್ತೊಮ್ಮೆ ಇಳಿಯುತ್ತವೆ. ಕಾಂಟ್ಯಾಕ್ಟ್ಸ್ ಆ್ಯಪ್‌ನ ಎಡ ಮೇಲ್ಮೂಲೆಯಲ್ಲಿರುವ Lists ಒತ್ತಿದರೆ ಐಕ್ಲೌಡ್‌ನಲ್ಲಿ ಎಷ್ಟು, ಜಿಮೇಲ್‌ನಲ್ಲಿ ಎಷ್ಟು ಎಂದು ತಿಳಿಯುತ್ತದೆ. ಎರಡರಲ್ಲಿ ಒಂದನ್ನು ಮನೆಯೆಂದು ನಿರ್ಧರಿಸಿ, ಇನ್ನೊಂದರ Contacts ಆಫ್ ಮಾಡಿ. ಆಫ್ ಮಾಡುವ ಮೊದಲು ಮನೆಯೆಂದು ಉಳಿಸಿಕೊಳ್ಳುವ ಖಾತೆಯಲ್ಲಿ ಎಲ್ಲ ಹೆಸರೂ ಇರುವುದನ್ನು ನೋಡಿಕೊಳ್ಳಿ. ಮುಂದೆ ಮತ್ತೆ ಆಂಡ್ರಾಯ್ಡ್‌ಗೆ ಬರುವ ಸಾಧ್ಯತೆ ಇರುವವರು ಜಿಮೇಲನ್ನೇ ಉಳಿಸಿಕೊಳ್ಳುವುದು ಮೇಲು, ಆಗ ಸೆಟ್ಟಿಂಗ್ಸ್‌ನ Default Account ಸಾಲಿನಲ್ಲೂ ಜಿಮೇಲ್ ಆರಿಸಬೇಕು. ಇಲ್ಲದಿದ್ದರೆ ಹೊಸ ನಂಬರ್‌ಗಳು ಐಕ್ಲೌಡ್‌ಗೇ ಸೇರುತ್ತಾ ಹೋಗಿ ಹಳೆಯ ಕಥೆ ಮತ್ತೆ ಶುರುವಾಗುತ್ತದೆ. ಐಫೋನು ಹೊಸ ನಂಬರನ್ನು ಸಿಮ್‌ಗೆ ಬರೆಯುವುದೇ ಇಲ್ಲ, ಸಿಮ್‌ನಿಂದ ಓದಿಕೊಳ್ಳಬಲ್ಲದು ಅಷ್ಟೇ.

ವಾಟ್ಸಾಪ್‌ನಲ್ಲಿ ಎಲ್ಲರೂ ಬರೀ ನಂಬರ್ ಆಗಿ ಕಂಡರೆ ಹೆಸರುಗಳು ಹೋದವು ಎಂದು ಹೆದರಬೇಡಿ. ಫೋನಿನ ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಹೆಸರು ಸರಿಯಾಗಿದ್ದರೆ, ಹೊಸ ಫೋನಿನಲ್ಲಿ ವಾಟ್ಸಾಪ್‌ಗೆ ಕಾಂಟ್ಯಾಕ್ಟ್ಸ್ ನೋಡುವ ಅನುಮತಿ ಕೊಟ್ಟಿಲ್ಲ ಎಂದಷ್ಟೇ ಅರ್ಥ. ವಿದೇಶಕ್ಕೆ ಹೋಗಿ ಅಲ್ಲಿನ ಸಿಮ್ ಹಾಕಿಕೊಂಡ ಮಕ್ಕಳಿಗೆ ಊರಿನ ನಂಟರು ವಾಟ್ಸಾಪ್‌ನಲ್ಲಿ ಸಿಗದಿದ್ದರೆ, ನಂಬರಿನ ಮುಂದೆ +91 ಸೇರಿಸಬೇಕು.

ಹಳೆಯ ಫೋನು ಪೂರ್ತಿ ಸತ್ತಿದ್ದರೆ? ಹೆಸರುಗಳು ಜಿಮೇಲ್‌ನಲ್ಲಿದ್ದರೆ ಏನೂ ನಷ್ಟವಿಲ್ಲ. ಮೆಮೊರಿಯಲ್ಲಿ ಮಾತ್ರ ಇದ್ದರೆ ಕಷ್ಟ. ಈಗಿನ ಫೋನುಗಳಲ್ಲಿ ಮೆಮೊರಿ ಗೂಢಲಿಪಿಯಲ್ಲಿರುವುದರಿಂದ ಚಿಪ್ಪನ್ನು ಕಿತ್ತು ಓದಲು ಬರುವುದಿಲ್ಲ. ಪರದೆ ಮಾತ್ರ ಒಡೆದಿದ್ದು ಒಳಗೆ ಫೋನು ನಡೆಯುತ್ತಿದ್ದರೆ, ರೀಸೆಟ್ ಮಾಡದೆ ಪರದೆ ಹಾಕಿಕೊಡಿ ಎಂದು ರಿಪೇರಿಯವರಿಗೆ ಸ್ಪಷ್ಟವಾಗಿ ಹೇಳಿ, ಹೆಸರುಗಳನ್ನು ಏರಿಸಿಕೊಳ್ಳುವಷ್ಟು ಹೊತ್ತು ಅದನ್ನು ಬದುಕಿಸಿಕೊಳ್ಳಬೇಕು. ಅದೂ ಆಗದಿದ್ದರೆ ವಾಟ್ಸಾಪ್ ಚಾಟ್‌ಗಳು ಮರಳಿ ಬಂದಾಗ ನಂಬರ್‌ಗಳಾದರೂ ಸಿಗುತ್ತವೆ. ಚಾಟ್ ಓದಿ, ಪ್ರೊಫೈಲ್ ಫೋಟೊ ನೋಡಿ, ಯಾರೆಂದು ಗುರುತು ಹಿಡಿದು ಒಬ್ಬೊಬ್ಬರನ್ನೇ ಸೇವ್ ಮಾಡಬೇಕಾಗುತ್ತದೆ.

ಅಕ್ಕನ ಹಳೆಯ ಫೋನನ್ನು ಮಗಳಿಗೆ ಕೊಡುವ ಮೊದಲು ಕೊನೆಯದಾಗಿ ಮೂರು ಕೆಲಸ ಮಾಡಿದೆವು. ಹೊಸ ಫೋನಿನಲ್ಲಿ ಹೊಸ ನಂಬರ್ ಸೇವ್ ಆಗುವ ಜಾಗವನ್ನು ಜಿಮೇಲ್ ಎಂದು ಬದಲಿಸಿದೆವು. ಒಂದು ವಾರ ಅವರು ದಿನದ ಕೆಲಸದಲ್ಲಿ ಹೊಸ ಫೋನನ್ನೇ ಬಳಸಿ, ಯಾವ ಗಿರಾಕಿಯೂ ತಪ್ಪಿಲ್ಲ ಎಂದು ನೋಡಿಕೊಂಡರು. ಆಮೇಲೆ ಹಳೆಯ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಜಿಮೇಲ್ ಖಾತೆಯನ್ನು Remove account ಕೊಟ್ಟು ತೆಗೆದು, ಅನಂತರ ರೀಸೆಟ್ ಮಾಡಿದೆವು. ಖಾತೆಯನ್ನು ತೆಗೆಯುವುದು ಬೇರೆ, ಖಾತೆಯೊಳಗಿನ ಹೆಸರುಗಳನ್ನು ಅಳಿಸುವುದು ಬೇರೆ. ಹಳೆಯ ಫೋನು ಖಾಲಿ ಮಾಡಬೇಕೆಂದು ಖಾತೆ ಇರುವಾಗಲೇ ಹೆಸರುಗಳನ್ನೆಲ್ಲ ಆರಿಸಿ ಡಿಲೀಟ್ ಕೊಟ್ಟರೆ, ಹೊಸ ಫೋನಿನಲ್ಲೂ ಅವು ಒಂದೊಂದಾಗಿ ಮಾಯವಾಗುತ್ತವೆ.